ವಿನ್ಯಾಸದ ಪ್ರಾಯೋಗಿಕ ಪರೀಕ್ಷೆ: ಸ್ವಂತಿಕೆಗೆ ಅಂಕ ಕೊಡುವುದು ಹೇಗೆ?

ಪ್ರಶ್ನೆ: ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಚಿತ್ರಕಲಾ ಕಾಲೇಜಿನಲ್ಲಿ ಅಧ್ಯಾಪಕಿ. ವಿನ್ಯಾಸದ ಪ್ರಾಯೋಗಿಕ ಪರೀಕ್ಷೆಗೆ ನಮ್ಮಲ್ಲಿ ಸಂಯೋಜನೆಗೆ 40, ತಂತ್ರಕ್ಕೆ 40, ಸ್ವಂತಿಕೆಗೆ 20 ಅಂಕ. ಈ ಸಲದ ಪ್ರಶ್ನೆ ಹೀಗಿತ್ತು: ‘ರೇಷ್ಮೆ ಕೃಷಿಗೆ ಸಂಬಂಧಿಸಿದ ಮೋಟಿಫ್ ಬಳಸಿ, ಬಟ್ಟೆಯ ಮೇಲೆ ಎಲ್ಲ ದಿಕ್ಕಿಗೂ ಮುಂದುವರಿಯುವಂಥ ವಿನ್ಯಾಸ ರಚಿಸಿ. 24 ಸೆಂ.ಮೀ. ಚೌಕ, ಮೂರು ಬಣ್ಣ, ಪೋಸ್ಟರ್ ಕಲರ್, ಎರಡು ಅವಧಿಗಳಲ್ಲಿ ಆರು ಗಂಟೆ.’ ಒಂದು ಹಾಳೆಗೆ ನಾನು 84 (33+37+14) ಕೊಟ್ಟರೆ ಹೊರಗಿನ ಪರೀಕ್ಷಕರು 58 ಕೊಟ್ಟರು. ಇನ್ನೊಂದಕ್ಕೆ ನಾನು 61 (24+22+15) ಕೊಟ್ಟರೆ ಅವರು 74. ಅವರು ಬಿಡಿ ಅಂಕ ಬರೆದಿಲ್ಲ, ಒಟ್ಟು ಮಾತ್ರ ಬರೆದಿದ್ದಾರೆ. ಸರಾಸರಿ ಹಾಕಿ ಕಳಿಸೋಣ ಎನ್ನುತ್ತಿದ್ದಾರೆ. ರಫ್ ಹಾಳೆಗಳನ್ನು ಕಟ್ಟಿಟ್ಟಿದ್ದೇವೆ, ಇನ್ನೂ ನೋಡಿಲ್ಲ. ಎಲ್ಲದರ ಫೋಟೊ ಕಳಿಸಿದ್ದೇನೆ. ಸ್ವಂತಿಕೆ ಎಂಬುದನ್ನು ಅಳೆಯುವುದಾದರೂ ಹೇಗೆ?

ಉತ್ತರ: ಮೊದಲು ಸರಾಸರಿಯ ಮಾತನ್ನು ಮುಗಿಸೋಣ. ಸರಾಸರಿ ಹಾಕಿದರೆ ಮೊದಲ ಹಾಳೆಗೆ 71, ಎರಡನೆಯದಕ್ಕೆ 67.5 ಬರುತ್ತದೆ. ಅಂದರೆ ಯಾವುದು ಮೇಲು ಎಂಬುದರಲ್ಲೇ ನಿಮ್ಮಿಬ್ಬರ ಅಭಿಪ್ರಾಯ ತಿರುವುಮುರುವಾಗಿದ್ದರೂ, ಸರಾಸರಿಯು ಸದ್ದಿಲ್ಲದೆ ನಿಮ್ಮ ಕಡೆಗೆ ತೀರ್ಪು ಕೊಟ್ಟುಬಿಡುತ್ತದೆ. ಅದಕ್ಕೆ ಕಾರಣವೇನೆಂದು ನೀವೂ ಹೇಳಲಾರಿರಿ, ಅವರೂ ಹೇಳಲಾರರು. ಇಬ್ಬರು ಪರೀಕ್ಷಕರ ನಡುವೆ ಎರಡು ಮೂರು ಅಂಕಗಳ ಅಂತರವಿದ್ದಾಗ ಸರಾಸರಿ ಹಾಕುವುದು ಸರಿ. 26 ಅಂಕದ ಅಂತರವಿದ್ದಾಗ ಇಬ್ಬರೂ ಬೇರೆ ಬೇರೆ ವಿಷಯಗಳಿಗೆ ಅಂಕ ಕೊಟ್ಟಿದ್ದಾರೆ ಎಂದೇ ತಿಳಿಯಬೇಕು, ಹಾಳೆಗೆ ಹಿಂದಿರುಗಲೇಬೇಕು. ಹೊರಗಿನ ಪರೀಕ್ಷಕರು ಬಿಡಿ ಅಂಕ ಬರೆಯದಿರುವುದರಿಂದ ಈಗ ಚರ್ಚೆಗೆ ಹಿಡಿಯಲೂ ಏನೂ ಇಲ್ಲ. ಆದ್ದರಿಂದ ಅವರಿಂದ ಮೂರು ಮಾನದಂಡಗಳ ಅಂಕವನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳುವುದೇ ಮೊದಲ ಕೆಲಸ.

ಇನ್ನು ನಿಮ್ಮ ಅಂಕಗಳನ್ನೇ ನೋಡಿ. ತಂತ್ರದಲ್ಲಿ ಎರಡು ಹಾಳೆಗಳ ನಡುವೆ 15 ಅಂಕಗಳ ವ್ಯತ್ಯಾಸವಿದೆ, ಸಂಯೋಜನೆಯಲ್ಲಿ 9, ಸ್ವಂತಿಕೆಯಲ್ಲಿ ಕೇವಲ 1. ನಾನು ನೋಡಿರುವ ಅಂಕಪಟ್ಟಿಗಳಲ್ಲಿ ಇದು ಸಾಮಾನ್ಯವಾಗಿ ಕಾಣುವ ರೋಗ. ಸ್ವಂತಿಕೆಯ ಅಂಕಣದಲ್ಲಿ ಏನು ಬರೆಯಬೇಕೆಂದು ತೋಚದೆ ಎಲ್ಲರಿಗೂ 12ರಿಂದ 15ರೊಳಗೆ ಕೊಟ್ಟು ಮುಂದೆ ಹೋಗುತ್ತೇವೆ. ನಿಯಮದ ಪ್ರಕಾರ ಸ್ವಂತಿಕೆಗೆ 20 ಅಂಕವಿದೆ. ಆದರೆ ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ ಅಂಕ ಬಂದರೆ ಆ ಮಾನದಂಡ ವಿದ್ಯಾರ್ಥಿಗಳ ಸ್ಥಾನವನ್ನು ಒಂದಿಷ್ಟೂ ಬದಲಿಸುವುದಿಲ್ಲ. ಒಂದು ಮಾನದಂಡದ ನಿಜವಾದ ತೂಕವನ್ನು ನಿರ್ಧರಿಸುವುದು ಅದಕ್ಕೆ ಕಾದಿರಿಸಿದ ಗರಿಷ್ಠ ಅಂಕವಲ್ಲ, ಹಾಳೆಯಿಂದ ಹಾಳೆಗೆ ಆ ಅಂಕ ಎಷ್ಟು ಏರಿಳಿಯುತ್ತದೆ ಎಂಬುದು. ಹೀಗಾಗಿ ನಿಮ್ಮಲ್ಲಿ ನಡೆದದ್ದು ಹೆಸರಿಗೆ ವಿನ್ಯಾಸದ ಪರೀಕ್ಷೆ, ವಾಸ್ತವದಲ್ಲಿ ಬಣ್ಣ ತುಂಬುವ ಪರೀಕ್ಷೆ.

ಈಗ ಎರಡು ಹಾಳೆಗಳಿಗೆ ಬರೋಣ. ಇವನ್ನು ಒಂದನೆಯದು, ಎರಡನೆಯದು ಎಂದೇ ಕರೆಯುತ್ತೇನೆ. ಬಣ್ಣದ ಮೈಯನ್ನು ಫೋಟೊದಲ್ಲಿ ಪೂರ್ತಿ ಅಳೆಯಲಾಗದ ಕಾರಣ ತಂತ್ರದ ಬಗ್ಗೆ ನಾನು ಹೇಳುವುದನ್ನು ಮೂಲ ಹಾಳೆಯ ಮುಂದೆ ಒಮ್ಮೆ ಪರಿಶೀಲಿಸಿಕೊಳ್ಳಿ.

ಸಂಯೋಜನೆಯನ್ನು ನೋಡುವಾಗ ಹಾಳೆಯನ್ನು ಕೈಯಲ್ಲಿ ಹಿಡಿಯಬಾರದು. ಗೋಡೆಗೆ ಆನಿಸಿ, ಆರೇಳು ಅಡಿ ಹಿಂದೆ ಸರಿದು, ಕಣ್ಣನ್ನು ಅರ್ಧ ಮುಚ್ಚಿ ನೋಡಬೇಕು. ಹತ್ತಿರದಿಂದ ನೋಡಿದರೆ ಅಚ್ಚುಕಟ್ಟಾದ ಅಂಚುಗಳು ಮೊದಲು ಕಣ್ಣಿಗೆ ಬಿದ್ದು, ಆ ಮೆಚ್ಚುಗೆ ಸಂಯೋಜನೆಯ ಅಂಕಕ್ಕೂ ಹರಿದುಬಿಡುತ್ತದೆ. ಇದೇ ಕಾರಣಕ್ಕೆ ಒಂದು ಹಾಳೆಯ ಮೂರೂ ಅಂಕಗಳನ್ನು ಒಂದೇ ಸಲ ಹಾಕದೆ, ಎಲ್ಲ ಹಾಳೆಗಳ ಸಂಯೋಜನೆಯನ್ನು ಮೊದಲು ಮುಗಿಸಿ, ಆಮೇಲೆ ಎಲ್ಲದರ ತಂತ್ರವನ್ನು, ಕೊನೆಗೆ ರಫ್ ಹಾಳೆಗಳನ್ನು ಪಕ್ಕದಲ್ಲಿಟ್ಟುಕೊಂಡು ಎಲ್ಲದರ ಸ್ವಂತಿಕೆಯನ್ನು ನೋಡುವುದು ಒಳ್ಳೆಯದು. ಮೂರು ಸುತ್ತು ಬರಬೇಕಾಗುತ್ತದೆ, ಸಮಯ ಹಿಡಿಯುತ್ತದೆ, ನಿಜ. ಆದರೆ ಪ್ರತಿ ಸುತ್ತಿನಲ್ಲೂ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆಯಾದ್ದರಿಂದ ಹಾಳೆಯೊಂದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಪ್ರಶ್ನೆಯಲ್ಲಿ ‘ಎಲ್ಲ ದಿಕ್ಕಿಗೂ ಮುಂದುವರಿಯುವ’ ಎಂದು ಸ್ಪಷ್ಟವಾಗಿ ಕೇಳಿದ್ದೀರಿ. ಹಾಗಿದ್ದರೆ ಒಂದು ಚೌಕವನ್ನು ಮಾತ್ರ ನೋಡಿ ಸಂಯೋಜನೆಗೆ ಅಂಕ ಹಾಕುವಂತಿಲ್ಲ. ಹಾಳೆಯನ್ನು ಅರ್ಧಕ್ಕೆ ಇಳಿಸಿ ನಾಲ್ಕು ಜೆರಾಕ್ಸ್ ತೆಗೆದು, ಅಂಚುಗಳನ್ನು ಕತ್ತರಿಸಿ, ನಾಲ್ಕನ್ನೂ ಜೋಡಿಸಿಟ್ಟು ನೋಡಬೇಕು. ನಿಮ್ಮ ಫೋಟೊಗಳಿಂದ ನಾನು ಹಾಗೆಯೇ ಮಾಡಿ ನೋಡಿದೆ. ಒಂದನೆಯ ಹಾಳೆಯಲ್ಲಿ ನಡುವೆ ಒಂದು ದೊಡ್ಡ ಚಿಟ್ಟೆ, ನಾಲ್ಕು ಮೂಲೆಗಳಲ್ಲಿ ನಾಲ್ಕು ಎಲೆಗೊಂಚಲು, ಸುತ್ತಲೂ ಖಾಲಿ ಹಿನ್ನೆಲೆಯ ಪಟ್ಟಿ. ಒಂಟಿಯಾಗಿ ನೋಡಿದರೆ ಸಮತೋಲನ ಚೆನ್ನಾಗಿಯೇ ಇದೆ. ನಾಲ್ಕನ್ನು ಜೋಡಿಸಿದ ಕೂಡಲೇ ಖಾಲಿ ಪಟ್ಟಿಗಳು ಸೇರಿ ನಟ್ಟನಡುವೆ ಅಗಲವಾದ ಅಡ್ಡ, ಉದ್ದ ಗೀಟುಗಳಾಗುತ್ತವೆ; ಬಟ್ಟೆಯ ಮೇಲೆ ಅಚ್ಚು ಹಾಕಿದರೆ ಚಿಟ್ಟೆಗಿಂತ ಮೊದಲು ಕಾಣುವುದು ಆ ಚೌಕಟ್ಟೇ. ಇದು ಕರವಸ್ತ್ರಕ್ಕೆ ಹೊಂದುವ ವಿನ್ಯಾಸವೇ ಹೊರತು ಥಾನಿಗೆ ಹೊಂದುವುದಲ್ಲ.

ಎರಡನೆಯ ಹಾಳೆಯ ವಿದ್ಯಾರ್ಥಿ ಚಂದ್ರಿಕೆಯನ್ನು ತೆಗೆದುಕೊಂಡಿದ್ದಾನೆ. ಶಿಡ್ಲಘಟ್ಟದ ಕಡೆಯ ಓದುಗರಿಗೆ ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಹಣ್ಣಾದ ರೇಷ್ಮೆ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಾಪೆಯೇ ಚಂದ್ರಿಕೆ, ಸುಮಾರು ಆರು ಅಡಿ ಉದ್ದ, ನಾಲ್ಕು ಅಡಿ ಅಗಲ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಸುರುಳಿ ಸುರುಳಿಯಾಗಿ ಹೆಣೆದಿರುತ್ತಾರೆ. ಈ ಹುಡುಗ ಸುರುಳಿಯನ್ನು ಚೌಕದೊಳಗೆ ಪೂರ್ತಿ ಕೂರಿಸದೆ ಅಂಚಿನಲ್ಲಿ ಅರ್ಧಕ್ಕೆ ತುಂಡರಿಸಿ, ಎದುರಿನ ಅಂಚಿನಲ್ಲಿ ಉಳಿದರ್ಧವನ್ನು 12 ಸೆಂ.ಮೀ. ಕೆಳಗೆ ಸರಿಸಿ ಬರೆದಿದ್ದಾನೆ. ನಾವು ಹಾಫ್ ಡ್ರಾಪ್ ರಿಪೀಟ್ ಎನ್ನುವುದು ಇದನ್ನೇ: ಪಕ್ಕದ ಸಾಲು ಅರ್ಧ ಅಳತೆಯಷ್ಟು ಕೆಳಗಿಳಿದು ಜೋಡಣೆಯಾಗುತ್ತದೆ. ಆದ್ದರಿಂದ ಇದರ ಜೆರಾಕ್ಸ್‌ಗಳನ್ನು ಜೋಡಿಸುವಾಗ ಪಕ್ಕದ ಸಾಲನ್ನೂ ಅರ್ಧ ಕೆಳಗಿಳಿಸಿಯೇ ಇಡಬೇಕು. ನೇರವಾಗಿ ಜೋಡಿಸಿದರೆ ವಿನ್ಯಾಸ ತಪ್ಪಾಗಿದೆ ಎಂದು ಕಾಣುತ್ತದೆ, ತಪ್ಪು ಮಾತ್ರ ಪರೀಕ್ಷಕರದು. ಸರಿಯಾಗಿ ಜೋಡಿಸಿದಾಗ ಚೌಕದ ಗೆರೆಗಳು ಮಾಯವಾಗಿ ಸುರುಳಿಗಳು ಓರೆಯಾಗಿ ಸಾಗುತ್ತವೆ, ಅವುಗಳ ನಡುವಿನ ಖಾಲಿ ಜಾಗವೇ ಅಲೆಯಂಥ ಇನ್ನೊಂದು ಆಕಾರವಾಗುತ್ತದೆ. ಬಲ ಅಂಚಿನಲ್ಲಿ ಒಂದು ಕಡೆ ಗೆರೆ ಸುಮಾರು 3 ಮಿ.ಮೀ. ತಪ್ಪಿದೆ. ಇದನ್ನು ಸಂಯೋಜನೆಯಲ್ಲಿ ಕಳೆಯಬೇಡಿ. ಯೋಚನೆ ಸರಿಯಿದೆ, ಟ್ರೇಸಿಂಗ್ ಪೇಪರ್‌ನಿಂದ ಹಾಳೆಗೆ ಇಳಿಸುವಾಗ ಕಾಗದ ಜಾರಿದೆ; ಅದು ತಂತ್ರದ ದೋಷ, ಅಲ್ಲಿ ಒಮ್ಮೆ ಮಾತ್ರ ಕಳೆಯಬೇಕು. ಒಂದೇ ದೋಷಕ್ಕೆ ಎರಡು ಕಡೆ ಅಂಕ ಕಡಿಯುವುದು ನಮ್ಮಲ್ಲಿ ಬಹಳ ನಡೆಯುತ್ತದೆ. ಸಂಯೋಜನೆಗೆ ನಾನು ಕೊಡುವುದು ಒಂದನೆಯದಕ್ಕೆ 22, ಎರಡನೆಯದಕ್ಕೆ 31.

ತಂತ್ರದ ವಿಷಯದಲ್ಲಿ ನಿಮ್ಮ ಕಣ್ಣು ಸರಿಯಾಗಿಯೇ ಕಂಡಿದೆ. ಒಂದನೆಯ ಹಾಳೆಯಲ್ಲಿ ಬಣ್ಣ ಒಂದೇ ಮೈಯಾಗಿ ಕೂತಿದೆ, ಅಂಚುಗಳು ಚೂಪಾಗಿವೆ, ಬ್ರಶ್ಶಿನ ಗೀರು ಕಾಣುವುದಿಲ್ಲ. ಎರಡನೆಯದರಲ್ಲಿ ಮೂರು ದೋಷಗಳು ಎದ್ದು ಕಾಣುತ್ತವೆ. ಹಿನ್ನೆಲೆಯ ಕಡುಗೆಂಪನ್ನು ನೀರಾಗಿಸಿ ಹಚ್ಚಿದ್ದರಿಂದ ಪಟ್ಟೆಗಳು ಉಳಿದಿವೆ. ಕೆಳಗಿನ ಮೂರನೇ ಒಂದು ಭಾಗದಲ್ಲಿ ಅದೇ ಬಣ್ಣ ಸ್ವಲ್ಪ ಬೇರೆಯಾಗಿದೆ. ಕಲಸಿದ್ದು ಸಾಲದೆ ಮತ್ತೆ ಕಲಸಿದ್ದಾನೆ, ಎರಡನೆಯ ಸಲ ಅದೇ ಛಾಯೆ ಬಂದಿಲ್ಲ. ಪೋಸ್ಟರ್ ಬಣ್ಣ ಹಸಿಯಿದ್ದಾಗ ಒಂದು ತೋರಿ, ಒಣಗಿದಾಗ ಇನ್ನೊಂದಾಗುವ ಸ್ವಭಾವದ್ದು, ತಿಳಿ ಬಣ್ಣಗಳು ತುಸು ಗಾಢವಾಗುತ್ತವೆ, ಗಾಢ ಬಣ್ಣಗಳು ತುಸು ಮಂಕಾಗುತ್ತವೆ. ಹಾಗಾಗಿ ಬೇಕಾದಷ್ಟನ್ನು ಒಂದೇ ಸಲ ಕಲಸಿ ಮುಚ್ಚಿಡದೆ ಬೇರೆ ದಾರಿಯಿಲ್ಲ. ಮೂರನೆಯದು, ಕಡುಗೆಂಪಿನ ಮೇಲೆ ಹಚ್ಚಿದ ಕೆನೆಬಣ್ಣದ ಸುರುಳಿಗಳು ನಸುಗುಲಾಬಿಯಾಗಿವೆ. ಕೆಲವು ಕೆಂಪು ಬಣ್ಣಗಳು ಒಣಗಿದ ಮೇಲೂ ನೀರು ತಾಕಿದರೆ ಮೇಲಿನ ತಿಳಿ ಬಣ್ಣಕ್ಕೆ ಏರುತ್ತವೆ. ಸುರುಳಿಗಳ ಜಾಗವನ್ನು ಬಿಟ್ಟು ಹಿನ್ನೆಲೆ ತುಂಬಿದ್ದರೆ ಹೀಗಾಗುತ್ತಿರಲಿಲ್ಲ. ಒಂದು ಮಾತನ್ನು ಮಾತ್ರ ಸೇರಿಸುತ್ತೇನೆ: ಬಣ್ಣ ಕಾಲೇಜೇ ಕೊಟ್ಟದ್ದಾಗಿದ್ದು, ಬೇರೆ ಹಾಳೆಗಳಲ್ಲೂ ಆ ಕೆಂಪು ಹೀಗೆಯೇ ಏರಿದ್ದರೆ, ಅದರ ಹೊರೆಯನ್ನು ಈತನೊಬ್ಬನ ಮೇಲೆ ಹಾಕುವುದು ನ್ಯಾಯವಲ್ಲ. ಫೋಟೊದಲ್ಲಿ ಕಂಡಷ್ಟಕ್ಕೆ ತಂತ್ರದಲ್ಲಿ ಒಂದನೆಯದಕ್ಕೆ 34, ಎರಡನೆಯದಕ್ಕೆ 21.

ಸ್ವಂತಿಕೆಗೆ ಬಂದಾಗ ಮುಗಿದ ಹಾಳೆಯೊಂದನ್ನೇ ನೋಡಿ ಯಾರೂ ನ್ಯಾಯವಾಗಿ ಅಂಕ ಕೊಡಲಾರರು. ಮುಗಿದ ಹಾಳೆಯಲ್ಲಿ ನಮಗೆ ಕಾಣುವುದು ‘ಇದನ್ನು ನಾನು ಮೊದಲು ನೋಡಿಲ್ಲ’ ಎಂಬುದು ಮಾತ್ರ. ಅದು ಪರೀಕ್ಷಕರ ಓದಿನ ಮತ್ತು ತಿರುಗಾಟದ ಅಳತೆಯಾಯಿತೇ ಹೊರತು ವಿದ್ಯಾರ್ಥಿಯ ಸ್ವಂತಿಕೆಯದಲ್ಲ. ಫೋನಿನಲ್ಲಿ ನೋಡಿ ಬಾಯಿಪಾಠ ಮಾಡಿಕೊಂಡು ಬಂದ ವಿನ್ಯಾಸ ನಿಮಗೆ ಹೊಸದಾಗಿದ್ದರೆ 18 ಅಂಕ ಪಡೆಯುತ್ತದೆ, ನೀವೂ ಅದನ್ನು ಕಂಡಿದ್ದರೆ 5. ಅಳೆಯಬೇಕಾದದ್ದು ಮೂಲ ವಸ್ತುವಿನಿಂದ ಮುಗಿದ ವಿನ್ಯಾಸದವರೆಗೆ ವಿದ್ಯಾರ್ಥಿ ನಡೆದ ದಾರಿಯನ್ನು, ಆ ದಾರಿ ಕಾಣುವುದು ರಫ್ ಹಾಳೆಯಲ್ಲಿ. ನೀವು ಕಟ್ಟಿಟ್ಟ ಆ ಗಂಟಿನಲ್ಲಿ 20 ಅಂಕಗಳ ಉತ್ತರವಿದೆ.

ಒಂದನೆಯ ವಿದ್ಯಾರ್ಥಿನಿಯ ರಫ್ ಹಾಳೆಯಲ್ಲಿ ಒಂದೇ ಒಂದು ಚಿತ್ರವಿದೆ, ಅದು ಮುಗಿದ ಹಾಳೆಯದೇ ಚಿಕ್ಕ ರೂಪ. ತಿದ್ದಿಲ್ಲ, ಅಳಿಸಿಲ್ಲ, ಬೇರೆ ಸಾಧ್ಯತೆಯನ್ನು ಪರೀಕ್ಷಿಸಿಲ್ಲ. ಎಲೆಯನ್ನು ಹತ್ತಿರದಿಂದ ನೋಡಿ: ಹೃದಯಾಕಾರ, ನುಣುಪಾದ ಅಂಚು, ಥೇಟ್ ವೀಳ್ಯದೆಲೆ. ಹಿಪ್ಪುನೇರಳೆ ಎಲೆಯ ಅಂಚಿನಲ್ಲಿ ಗರಗಸದಂಥ ಹಲ್ಲುಗಳಿರುತ್ತವೆ. ನಡುವಿನ ಕೀಟವೂ ತೆಳು ಮೈಯ, ಬಣ್ಣದ ಚುಕ್ಕಿಗಳ ಚಿಟ್ಟೆ. ರೇಷ್ಮೆಯ ಪತಂಗ ದಪ್ಪ ಹೊಟ್ಟೆಯ, ಕೆನೆಬಣ್ಣದ, ಮುಂದಿನ ರೆಕ್ಕೆಯ ತುದಿ ಕೊಕ್ಕೆಯಂತೆ ಬಾಗಿದ ಜೀವಿ. ವಿನ್ಯಾಸದಲ್ಲಿ ಎಲೆ ಎಲೆಯಂತೆಯೇ ಇರಬೇಕೆಂಬ ನಿಯಮವೇನೂ ಇಲ್ಲ, ಹಲ್ಲುಗಳನ್ನು ಬೇಕೆಂದೇ ಬಿಟ್ಟಿದ್ದರೆ ಅದು ಆಕೆಯ ಹಕ್ಕು. ಆದರೆ ರಫ್ ಹಾಳೆಯಲ್ಲಿ ಹಲ್ಲಿರುವ ಎಲೆ ಎಲ್ಲೂ ಇಲ್ಲ. ಅಂದರೆ ಬಿಟ್ಟದ್ದಲ್ಲ, ನೋಡೇ ಇಲ್ಲ. ಪ್ರಶ್ನೆಪತ್ರಿಕೆ ತೆರೆಯುವ ಮೊದಲೇ ಕೈಯಲ್ಲಿದ್ದ ಎಲೆ ಮತ್ತು ಚಿಟ್ಟೆಯ ವಿನ್ಯಾಸಕ್ಕೆ ರೇಷ್ಮೆಯ ಹೆಸರು ಅಂಟಿಸಿದಂತಿದೆ. ನಾನು ಕೊಡುವುದು 6.

ಎರಡನೆಯವನ ರಫ್ ಹಾಳೆಯಲ್ಲಿ ಐದು ಚಿಕ್ಕ ಚೌಕಗಳಿವೆ. ಮೊದಲನೆಯದರಲ್ಲಿ ಚಂದ್ರಿಕೆ ಇದ್ದಂತೆಯೇ ಇದೆ, ಸುರುಳಿಗಳು ಸಾಲಾಗಿ. ಎರಡನೆಯದರಲ್ಲಿ ಸುರುಳಿಯೊಳಗೆ ಹುಳು. ಅದನ್ನು ಅಡ್ಡಗೀಟು ಹಾಕಿ ಕೈಬಿಟ್ಟಿದ್ದಾನೆ. ಮೂರನೆಯದರಲ್ಲಿ ಹುಳು ಹೋಗಿ ಗೂಡು ಬಂದಿದೆ. ನಾಲ್ಕನೆಯದರಲ್ಲಿ ಸುರುಳಿ ಅಂಚಿಗೆ ತುಂಡಾಗಿದೆ, ಪಕ್ಕದಲ್ಲಿ ‘ಅರ್ಧ ಕೆಳಗೆ’ ಎಂದು ಬರೆದು ಬಾಣದ ಗುರುತು ಹಾಕಿದ್ದಾನೆ. ಐದನೆಯದರಲ್ಲಿ ಬಣ್ಣಗಳು ನಿಂತಿವೆ: ಗೂಡಿಗೆ ಹಳದಿ, ಬಿದಿರಿಗೆ ಕೆನೆ. ಈ ಭಾಗದಲ್ಲಿ ಮಿಶ್ರತಳಿಯ ಗೂಡು ಹಳದಿ ಬಣ್ಣಕ್ಕೂ ದ್ವಿತಳಿಯ ಗೂಡು ಬಿಳಿ ಬಣ್ಣಕ್ಕೂ ಇರುತ್ತದೆ ಎಂಬುದನ್ನು ಬಲ್ಲವನೇ ಹಳದಿಯನ್ನು ಆಯ್ದುಕೊಂಡಿರಬೇಕು. ಇಲ್ಲಿ ವಸ್ತುವನ್ನು ಕಂಡದ್ದು, ಅದರಿಂದ ಒಂದು ಆಕಾರವನ್ನು ಹೆಕ್ಕಿದ್ದು, ಆ ಆಕಾರವೇ ರಿಪೀಟ್ ಹೇಗಿರಬೇಕೆಂದು ನಿರ್ಧರಿಸಿದ್ದು, ಮೂರೂ ಕಾಗದದ ಮೇಲಿದೆ. 17 ಕೊಡುತ್ತೇನೆ. ಒಟ್ಟಿನಲ್ಲಿ ಒಂದನೆಯದಕ್ಕೆ 62, ಎರಡನೆಯದಕ್ಕೆ 69.

ಹೀಗೆ ನೋಡುವಾಗ 20 ಅಂಕಗಳನ್ನು ನಾಲ್ಕು ಮೆಟ್ಟಿಲಾಗಿ ಮಾಡಿಕೊಂಡರೆ ಇಬ್ಬರು ಪರೀಕ್ಷಕರೂ ಒಂದೇ ಭಾಷೆಯಲ್ಲಿ ಮಾತನಾಡಬಹುದು. ಸಿದ್ಧ ಮೋಟಿಫನ್ನು ಹಾಗೆಯೇ ಇಟ್ಟಿದ್ದರೆ 5ರವರೆಗೆ. ಸಿದ್ಧ ಮೋಟಿಫಿನ ಬಣ್ಣ, ಅಳತೆ, ಜಾಗಗಳನ್ನಷ್ಟೇ ಬದಲಿಸಿದ್ದರೆ 6ರಿಂದ 10. ವಸ್ತುವಿನಲ್ಲಿ ತಾನು ಕಂಡದ್ದನ್ನು ಹೊಸ ಆಕಾರವಾಗಿ ಮಾರ್ಪಡಿಸಿದ್ದರೆ 11ರಿಂದ 15. ಆ ಆಕಾರವೇ ಜೋಡಣೆಯನ್ನೂ ಬಣ್ಣವನ್ನೂ ಹುಟ್ಟಿಸಿದ್ದರೆ 16ರಿಂದ ಮೇಲೆ. ಸಾಂಪ್ರದಾಯಿಕ ಮೋಟಿಫ್ ಬಳಸಿದ ಕೂಡಲೇ ಕೆಳಗಿನ ಮೆಟ್ಟಿಲಿಗೆ ತಳ್ಳಬೇಡಿ ಎಂದು ವಿಶೇಷವಾಗಿ ಹೇಳುತ್ತೇನೆ. ನಂದಿಯ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣ ಮಂಟಪದ ಕಂಬದ ಬಳ್ಳಿಯನ್ನು ಕೂತು ಬರೆದುಕೊಂಡು, ಅದರ ಒಂದು ತಿರುವನ್ನು ಮಾತ್ರ ಹಿಡಿದು ಸೀರೆಯ ಅಂಚಿಗೆ ಹೊಂದಿಸಿದ ವಿದ್ಯಾರ್ಥಿ ಸ್ವಂತ ಕೆಲಸವನ್ನೇ ಮಾಡಿದ್ದಾನೆ. ವಿಚಿತ್ರವಾಗಿ ಕಾಣುವುದೆಲ್ಲ ಸ್ವಂತವೂ ಅಲ್ಲ. ಪರೀಕ್ಷೆಯ ಹಾಳೆಗಳಲ್ಲಿ ಕಾಣುವ ಎಷ್ಟೋ ‘ಮಾಡರ್ನ್’ ಆಕಾರಗಳು ಒಂದೇ ಫೋನಿನಿಂದ ಬಂದವಾಗಿರುತ್ತವೆ.

ಮುಂದಿನ ವರ್ಷಕ್ಕೆ ಬದಲಾಗಬೇಕಾದದ್ದು ಅಂಕಪಟ್ಟಿಗಿಂತ ಹೆಚ್ಚಾಗಿ ಪ್ರಶ್ನೆಪತ್ರಿಕೆ ಮತ್ತು ಪರೀಕ್ಷಾ ಕೊಠಡಿ. ‘ರೇಷ್ಮೆ ಕೃಷಿಗೆ ಸಂಬಂಧಿಸಿದ ಮೋಟಿಫ್’ ಎಂದು ಕೇಳಿದರೆ ಲೋಯರ್, ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗಳ ಕಾಲದಿಂದ ಕೈಗೆ ಅಂಟಿಕೊಂಡ ಎಲೆ, ಹೂವು, ಚಿಟ್ಟೆಗಳನ್ನು ಹಾಕಿ ಪಾರಾಗಬಹುದು. ಅದರ ಬದಲು ಕೊಠಡಿಯಲ್ಲಿ ಹಳೆಯ ಚಂದ್ರಿಕೆಯ ತುಂಡು, ಹಿಪ್ಪುನೇರಳೆ ಕಡ್ಡಿ, ಕೆಲವು ಗೂಡುಗಳನ್ನು ಇಟ್ಟು, ‘ಮುಂದಿರುವ ವಸ್ತುಗಳಲ್ಲಿ ಒಂದನ್ನು ನೋಡಿ ಬರೆದುಕೊಂಡು, ಅದರಿಂದ ಮೋಟಿಫ್ ರೂಪಿಸಿ’ ಎಂದು ಕೇಳಿ. ಈಗ ಹಲವು ಮನೆಗಳಲ್ಲಿ ಪ್ಲಾಸ್ಟಿಕ್ಕಿನ ನೇತ್ರಿಕೆ ಬಂದಿರುವುದರಿಂದ ಬಿದಿರಿನ ಚಂದ್ರಿಕೆಯನ್ನು ಕಾಣದ ಮಕ್ಕಳೂ ಇರುತ್ತಾರೆ. ವಸ್ತು ಕಣ್ಣೆದುರಿಗಿದ್ದರೆ ಆ ತಾರತಮ್ಯವೂ ಉಳಿಯುವುದಿಲ್ಲ. ಮೊದಲ 40 ನಿಮಿಷ ನೋಡಿ ಬರೆಯುವುದಕ್ಕೆ, ಅದರ ನಂತರದ ಒಂದು ಗಂಟೆ ಕನಿಷ್ಠ ಮೂರು ಚಿಕ್ಕ ಚೌಕಗಳಿಗೆ. ಎರಡೂ ಮುಗಿದಾಗ ಕೊಠಡಿಯ ಮೇಲ್ವಿಚಾರಕರು ಅಲ್ಲೇ ಸಮಯ ಬರೆದು ಸಹಿ ಹಾಕಬೇಕು. ಸಹಿಯಿಲ್ಲದಿದ್ದರೆ ಮುಗಿದ ಚಿತ್ರದಿಂದ ಹಿಮ್ಮುಖವಾಗಿ ರಫ್ ತಯಾರಿಸುವ ಜಾಣರು ಖಂಡಿತ ಹುಟ್ಟಿಕೊಳ್ಳುತ್ತಾರೆ.

ಇಬ್ಬರು ಪರೀಕ್ಷಕರು ಹಾಳೆಯ ಮೇಲೆ ಅಂಕ ಬರೆಯದೆ ಬೇರೆ ಬೇರೆ ಚೀಟಿಗಳಲ್ಲಿ ಬರೆಯಬೇಕು. ಕೆಲಸ ಆರಂಭಿಸುವ ಮೊದಲು ಐದಾರು ಹಾಳೆಗಳನ್ನು ಇಬ್ಬರೂ ಜೊತೆಯಲ್ಲಿ ನೋಡಿ, ಪ್ರತಿ ಮಾನದಂಡದಲ್ಲೂ ಮೇಲಿನದಕ್ಕೆ ಒಂದು, ಕೆಳಗಿನದಕ್ಕೆ ಒಂದು ಹಾಳೆಯನ್ನು ಮಾದರಿಯೆಂದು ಗೋಡೆಗೆ ಅಂಟಿಸಿಕೊಳ್ಳುವುದು ಉತ್ತಮ. ಆಮೇಲೆ 40ರ ಮಾನದಂಡದಲ್ಲಿ 8ಕ್ಕಿಂತ, 20ರದರಲ್ಲಿ 4ಕ್ಕಿಂತ ಹೆಚ್ಚು ಅಂತರ ಬಂದ ಹಾಳೆಗಳನ್ನು ಮಾತ್ರ ಮತ್ತೆ ಎತ್ತಿಕೊಂಡು, ಆ ಒಂದು ಮಾನದಂಡವನ್ನಷ್ಟೇ ಚರ್ಚಿಸಿದರೆ ಸಾಕು.

ಈ ಅಂಕ ಹಂಚಿಕೆಯನ್ನು ವಸ್ತುಚಿತ್ರಣದ ಪರೀಕ್ಷೆಗೆ ಹಾಗೆಯೇ ಎತ್ತಿಕೊಂಡು ಹೋಗಬೇಡಿ. ಅಲ್ಲಿ ಎಲ್ಲರ ಮುಂದಿರುವುದೂ ಅದೇ ಬಿಂದಿಗೆ, ಅದೇ ಬಟ್ಟೆ. ಸ್ವಂತಿಕೆಗೆ ಉಳಿಯುವುದು ಎಷ್ಟು ಭಾಗವನ್ನು ಚೌಕಟ್ಟಿಗೆ ತೆಗೆದುಕೊಂಡರು, ಯಾವ ನೆರಳನ್ನು ಮುಖ್ಯವಾಗಿಸಿದರು ಎಂಬಷ್ಟೇ. ಅದಕ್ಕೆ 10 ಅಂಕ ಸಾಕು, ಉಳಿದದ್ದು ರಚನೆ ಮತ್ತು ಛಾಯೆಗೆ ಹೋಗಲಿ.

ಈ ವರ್ಷದ ಹಾಳೆಗಳ ಮಟ್ಟಿಗೆ, ಪರೀಕ್ಷೆ ಮುಗಿದ ಮೇಲೆ 40, 40, 20ರ ಹಂಚಿಕೆಯನ್ನು ಬದಲಿಸುವಂತಿಲ್ಲ. ವಿದ್ಯಾರ್ಥಿಗಳು ಅದನ್ನು ನಂಬಿ ಕೆಲಸ ಮಾಡಿದ್ದಾರೆ. ರಫ್ ಹಾಳೆಗಳ ಗಂಟನ್ನು ಬಿಚ್ಚಿ, ಈ ಎರಡನ್ನು ಮಾತ್ರವಲ್ಲದೆ ಎಲ್ಲ ಹಾಳೆಗಳ ಸ್ವಂತಿಕೆಯ ಅಂಕಣವನ್ನು ಇಬ್ಬರೂ ಹೊಸದಾಗಿ ತುಂಬಿರಿ. ರಿಪೀಟ್ ಜೋಡಿಸಿ ನೋಡದೆ ಹಾಕಿದ ಸಂಯೋಜನೆಯ ಅಂಕಗಳನ್ನೂ ಜೆರಾಕ್ಸ್ ಇಟ್ಟು ಮರುಪರಿಶೀಲಿಸಿ. ತಂತ್ರದ ಅಂಕಗಳನ್ನು ಹೆಚ್ಚಾಗಿ ಮುಟ್ಟುವ ಅಗತ್ಯ ಬೀಳಲಿಕ್ಕಿಲ್ಲ. ರಫ್ ಹಾಳೆ ಕಳೆದುಹೋದ ವಿದ್ಯಾರ್ಥಿಗಳಿದ್ದರೆ, ತಪ್ಪು ಯಾರದೆಂದು ಗೊತ್ತಾಗುವವರೆಗೆ ಅವರ ಅಂಕ ಕಡಿಯದೆ, ಅವರನ್ನು ಕರೆಸಿ ಮೋಟಿಫ್ ಎಲ್ಲಿಂದ ಬಂತೆಂದು ಕೇಳಿ, ಇಬ್ಬರೂ ಪರೀಕ್ಷಕರ ಮುಂದೆಯೇ ಅದನ್ನು ಪೆನ್ಸಿಲಿನಲ್ಲಿ ಎರಡು ಬೇರೆ ರೀತಿಯಲ್ಲಿ ಬರೆಯಿಸಿ ನೋಡಬಹುದು. ಅದಕ್ಕೆ ಹದಿನೈದು ನಿಮಿಷ ಸಾಕು.